ಬೋರ್ಡು ಮುಚ್ಚುವ ಮುನ್ನ ತಲೆಯೆತ್ತಿ ಎಣಿಸಿ

ಮನೆಗೆ ಫಾಲ್ಸ್ ಸೀಲಿಂಗ್ ಮಾಡಿಸಲು ಹೊರಟವರು ಮೊದಲು ಕೇಳುವುದು ಚದರಡಿಗೆ ಎಷ್ಟು ಎಂದು. ಮೇಸ್ತ್ರಿ ಟೇಪು ಹಿಡಿದು ಉದ್ದ ಅಗಲ ಅಳೆದು, ಗುಣಿಸಿ, ದರ ಹೇಳುತ್ತಾನೆ. ಮಾತುಕತೆ ಬಣ್ಣ, ದೀಪ, ಅಂಚಿನ ವಿನ್ಯಾಸದ ಕಡೆಗೆ ಹೊರಳುತ್ತದೆ. ಆ ಬೋರ್ಡಿನ ಹಿಂದೆ ಏನಿರುತ್ತದೆ, ಎಷ್ಟಿರಬೇಕು ಎಂದು ಕೇಳುವವರು ಅಪರೂಪ. ಎರಡು ವರ್ಷದಲ್ಲಿ ಜಾಯಿಂಟ್ ಬಿರುಕು ಬಿಟ್ಟಾಗ, ಮಧ್ಯಭಾಗ ಹೊಟ್ಟೆ ಬಿಟ್ಟಂತೆ ಜೋತುಬಿದ್ದಾಗ ತಪ್ಪು ಹುಡುಕೋಣವೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಚಾನೆಲ್ಲು, ತೂಗುಸರಳು ಎಲ್ಲವೂ ಬೋರ್ಡಿನ ಮೇಲೆ ಮುಚ್ಚಿಹೋಗಿರುತ್ತವೆ.

ಅವನ್ನು ನೋಡಲು ಸಿಗುವ ಅವಕಾಶ ಒಂದೇ ಸಲ, ಚೌಕಟ್ಟು ಕಟ್ಟಿ ಮುಗಿದು ಬೋರ್ಡು ಹೊಡೆಯಲು ಶುರುಮಾಡುವ ಮೊದಲು. ಆ ಹೊತ್ತಿನಲ್ಲಿ ಕೋಣೆಯ ನಡುವೆ ನಿಂತು ಏನನ್ನು ಎಣಿಸಬೇಕು ಎಂಬುದು ಮನೆ ಯಜಮಾನರಿಗೆ ಗೊತ್ತಿದ್ದರೆ ಕೆಲಸದ ಗುಣಮಟ್ಟ ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಲೆಕ್ಕ ಕಷ್ಟದ್ದಲ್ಲ, ಅಡಿ ಇಂಚಿನಲ್ಲಿ ಮನಸ್ಸಿನಲ್ಲೇ ಮಾಡಬಹುದಾದದ್ದು. ಒಂದು ಕೋಣೆಯನ್ನು ಇಟ್ಟುಕೊಂಡು ಮಾಡಿ ನೋಡೋಣ.

ಕೋಣೆ 14 ಅಡಿ ಉದ್ದ, 12 ಅಡಿ ಅಗಲ. ಮೇಲೆ ಆರ್‌ಸಿಸಿ ಸ್ಲ್ಯಾಬು, ನೆಲದಿಂದ 10 ಅಡಿ ಎತ್ತರ. ಅಂಚಿನ ಕೋವ್, ಮೆಟ್ಟಿಲು ವಿನ್ಯಾಸ ಏನೂ ಇಲ್ಲದ ಸಪಾಟು ಜಿಪ್ಸಮ್ ಸೀಲಿಂಗು. ಸ್ಲ್ಯಾಬಿನಿಂದ 8 ಇಂಚು ಕೆಳಗೆ ಬರಬೇಕು.

ಮೊದಲು ಒಳಗಿನ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಬೇಕು. ಹೆಂಚಿನ ಮನೆಯ ಮಾಡನ್ನು ನೋಡಿದವರಿಗೆ ಇದು ಸುಲಭ. ಅಲ್ಲಿ ಪಕಾಸಿಗಳ ಮೇಲೆ ಅಡ್ಡಡ್ಡ ರೀಪು ಬಡಿದು, ರೀಪಿನ ಮೇಲೆ ಹೆಂಚು ಕೂರಿಸುತ್ತಾರೆ. ಇಲ್ಲಿಯೂ ಅದೇ ಕ್ರಮ, ಆದರೆ ತಲೆಕೆಳಗು. ಪಕಾಸಿಯ ಜಾಗದಲ್ಲಿ ಇಂಟರ್ಮೀಡಿಯಟ್ ಚಾನೆಲ್, ಅದರ ಕೆಳಗೆ ಅಡ್ಡಡ್ಡವಾಗಿ ರೀಪಿನ ಜಾಗದಲ್ಲಿ ಸೀಲಿಂಗ್ ಸೆಕ್ಷನ್, ಅದರ ಕೆಳಗೆ ಬೋರ್ಡು. ಇಷ್ಟನ್ನೂ ಹೊತ್ತ ಪಕಾಸಿ ಗೋಡೆಯ ಮೇಲೆ ಕೂತಿಲ್ಲ, ಸ್ಲ್ಯಾಬಿನಿಂದ ತೂಗುಹಾಕಲ್ಪಟ್ಟಿದೆ. ತೂಗುಹಾಕುವುದಕ್ಕೆ ಸ್ಲ್ಯಾಬಿಗೆ ತೂತು ಕೊರೆದು ಡ್ಯಾಶ್ ಫಾಸ್ಟನರ್ ಕೂರಿಸಿ, ಅದಕ್ಕೆ ಎಲ್ ಆಕಾರದ ಸಣ್ಣ ಕ್ಲೀಟ್ ಬಿಗಿದು, ಕ್ಲೀಟಿನಿಂದ ಹ್ಯಾಂಗರ್ ಇಳಿಬಿಡುತ್ತಾರೆ. ನಾಲ್ಕೂ ಗೋಡೆಗಳ ಸುತ್ತ ಓಡುವ ಪೆರಿಮೀಟರ್ ಚಾನೆಲ್ ಸೀಲಿಂಗಿನ ಅಂಚನ್ನು ಹಿಡಿದುಕೊಳ್ಳುತ್ತದೆ.

ಅಂತರಗಳು ಇಷ್ಟ ಬಂದಂತೆ ಇಡುವಂಥವಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಜಿಪ್ಸಮ್ ಸೀಲಿಂಗಿನ ವಿವರಣೆ ಸ್ಪಷ್ಟವಾಗಿದೆ: ಹ್ಯಾಂಗರುಗಳ ನಡುವೆ 1200 ಮಿ.ಮೀ., ಇಂಟರ್ಮೀಡಿಯಟ್ ಚಾನೆಲ್ಲುಗಳ ನಡುವೆಯೂ 1200 ಮಿ.ಮೀ., ಸೀಲಿಂಗ್ ಸೆಕ್ಷನ್ನುಗಳ ನಡುವೆ 450 ಮಿ.ಮೀ. ಬೋರ್ಡು ತಯಾರಿಸುವ ಕಂಪನಿಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ನಮ್ಮ ಮೇಸ್ತ್ರಿಗಳ ಟೇಪಿನಲ್ಲಿ ಹೇಳುವುದಾದರೆ ನಾಲ್ಕಡಿ, ನಾಲ್ಕಡಿ ಮತ್ತು ಒಂದೂವರೆ ಅಡಿ. ಈ ಮೂರು ಅಳತೆ ನೆನಪಿದ್ದರೆ ಉಳಿದದ್ದು ಬರೀ ಕೂಡಿಸುವುದು, ಭಾಗಿಸುವುದು.

ಅಂಗಡಿಯಲ್ಲಿ ಚಾನೆಲ್ಲುಗಳೆಲ್ಲ ಸಾಮಾನ್ಯವಾಗಿ 12 ಅಡಿ ಉದ್ದಕ್ಕೆ ಸಿಗುತ್ತವೆ. ಬೋರ್ಡು ಹೆಚ್ಚಾಗಿ ಬಳಕೆಯಲ್ಲಿರುವುದು 6 ಅಡಿಗೆ 4 ಅಡಿಯದು, ದಪ್ಪ 12.5 ಮಿ.ಮೀ. ಒಂದು ಬೋರ್ಡು 24 ಚದರಡಿ. ನಮ್ಮ ಕೋಣೆ 168 ಚದರಡಿ. 168ನ್ನು 24ರಿಂದ ಭಾಗಿಸಿದರೆ ಸರಿಯಾಗಿ 7. ಹಾಗಾದರೆ ಏಳು ಬೋರ್ಡು ತಂದರೆ ಸಾಕೇ? ಸಾಕಾಗಬಹುದು, ಸಾಲದೆಯೂ ಹೋಗಬಹುದು. ಅದನ್ನು ನಿರ್ಧರಿಸುವುದು ಚದರಡಿಯಲ್ಲ, ಬೋರ್ಡನ್ನು ಯಾವ ದಿಕ್ಕಿಗೆ ಹಾಸುತ್ತೀರಿ ಎಂಬುದು.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೋರ್ಡಿನ ಉದ್ದ ಸೀಲಿಂಗ್ ಸೆಕ್ಷನ್ನಿಗೆ ಅಡ್ಡವಾಗಿ ಹೋಗಬೇಕು ಎಂಬುದು ಒಂದು ನಿಯಮ. ಬೋರ್ಡಿನ ತುದಿ ಗಾಳಿಯಲ್ಲಿ ನಿಲ್ಲಬಾರದು, ಯಾವುದಾದರೊಂದು ಸೆಕ್ಷನ್ನಿನ ನಡುಮಧ್ಯಕ್ಕೇ ಬಂದು ಕೂರಬೇಕು ಎಂಬುದು ಎರಡನೆಯದು. ಪಕ್ಕಪಕ್ಕದ ಸಾಲುಗಳಲ್ಲಿ ತುದಿಯ ಜಾಯಿಂಟುಗಳು ಒಂದೇ ಗೆರೆಯಲ್ಲಿ ಬರಬಾರದು, ಇಟ್ಟಿಗೆ ಗೋಡೆಯಲ್ಲಿ ಇರುವಂತೆ ಬಿಟ್ಟುಬಿಟ್ಟು ಬರಬೇಕು ಎಂಬುದು ಮೂರನೆಯದು. ಈ ಮೂರನ್ನೂ ಪಾಲಿಸಿ ಬೋರ್ಡು ಹಾಸಿ ನೋಡೋಣ.

ಸೆಕ್ಷನ್ನುಗಳು 14 ಅಡಿಯ ಉದ್ದಕ್ಕೆ ಓಡಲಿ, ಬೋರ್ಡಿನ ಆರಡಿ ಕೋಣೆಯ 12 ಅಡಿಯ ಕಡೆಗೆ ಇರಲಿ. ಗೋಡೆಯಿಂದ ಒಂದೂವರೆ ಅಡಿಗೊಂದರಂತೆ ಸೆಕ್ಷನ್ ಇಟ್ಟರೆ 12 ಅಡಿ ಅಗಲದಲ್ಲಿ ಎಂಟು ಅಂಕಣ, ನಡುವೆ ಏಳು ಸೆಕ್ಷನ್ ಸಾಲು ಬರುತ್ತವೆ. ಎರಡೂ ಕೊನೆಗೆ ಪೆರಿಮೀಟರ್ ಚಾನೆಲ್ ಇದ್ದೇ ಇದೆ. ಆರಡಿ ಎಂದರೆ ಒಂದೂವರೆಯ ನಾಲ್ಕು ಪಟ್ಟು, ಹಾಗಾಗಿ ಬೋರ್ಡಿನ ತುದಿ ತಾನಾಗಿಯೇ ಸೆಕ್ಷನ್ನಿನ ಮೇಲೆ ಬರುತ್ತದೆ. ಮೊದಲ ಸಾಲಿಗೆ ಎರಡು ಪೂರ್ತಿ ಬೋರ್ಡು. ಎರಡನೆಯ ಸಾಲಿಗೆ ಒಂದು ಬೋರ್ಡನ್ನು ಮೂರಡಿಯ ಎರಡು ತುಂಡು ಮಾಡಿ ಆಚೆ ಈಚೆ ಇಟ್ಟು, ನಡುವೆ ಒಂದು ಪೂರ್ತಿ ಬೋರ್ಡು. ಮೂರಡಿಯೂ ಒಂದೂವರೆಯ ಎರಡು ಪಟ್ಟು, ಆದ್ದರಿಂದ ತುಂಡಿನ ತುದಿಗೂ ಸೆಕ್ಷನ್ ಸಿಗುತ್ತದೆ. ಮೂರನೆಯ ಸಾಲು ಮೊದಲಿನಂತೆಯೇ. ಇಲ್ಲಿಗೆ 12 ಅಡಿ ಮುಚ್ಚಿತು, ಆರು ಬೋರ್ಡು ಮುಗಿಯಿತು. ಉಳಿದ ಎರಡಡಿ ಅಗಲದ ಪಟ್ಟಿಗೆ ಏಳನೆಯ ಬೋರ್ಡನ್ನು ಉದ್ದಕ್ಕೆ ಸೀಳಿದರೆ ಎರಡಡಿ ಅಗಲದ, ಆರಡಿ ಉದ್ದದ ಎರಡು ಪಟ್ಟಿ ಸಿಗುತ್ತವೆ. ಅದರಲ್ಲೊಂದನ್ನು ಅರ್ಧ ಮಾಡಿ ಆಚೀಚೆ ಇಟ್ಟರೆ ಸಾಲು ಪೂರ್ತಿ. ಲೆಕ್ಕದ ಪ್ರಕಾರ ಒಂದು ಚೂರೂ ವ್ಯರ್ಥವಿಲ್ಲ.

ಈಗ ದಿಕ್ಕು ಬದಲಿಸಿ. ಸೆಕ್ಷನ್ನುಗಳು 12 ಅಡಿಯ ಕಡೆಗೆ ಓಡಲಿ, ಬೋರ್ಡಿನ ಆರಡಿ ಕೋಣೆಯ 14 ಅಡಿಯ ಕಡೆಗೆ ಬರಲಿ. ಆರು, ಆರು, ಇನ್ನೆರಡು ಅಡಿ ಬೇಕು. ಮೂರನೆಯ ಬೋರ್ಡಿನಿಂದ ಎರಡಡಿ ಕತ್ತರಿಸಿದರೆ ನಾಲ್ಕಡಿ ಉಳಿಯಿತು. ಅದನ್ನು ಮುಂದಿನ ಸಾಲಿಗೆ ಮೊದಲ ತುಂಡಾಗಿ ಇಡೋಣವೆಂದರೆ ನಾಲ್ಕಡಿಗೆ ಸೆಕ್ಷನ್ ಇಲ್ಲ, ಮೂರಕ್ಕಿದೆ, ನಾಲ್ಕೂವರೆಗಿದೆ. ಹಾಗಾಗಿ ಅದನ್ನು ಮೂರಡಿಗೆ ಇಳಿಸಬೇಕು, ಒಂದಡಿ ಮೂಲೆಗೆ. ಆ ಸಾಲನ್ನು ಮುಗಿಸಲು ಮತ್ತೊಂದು ಬೋರ್ಡಿನಿಂದ ಐದಡಿ ಬೇಕು, ಅಲ್ಲೂ ಒಂದಡಿ ಹೋಯಿತು. ಕೊನೆಯ ಸಾಲಿನ ಎರಡಡಿಗೆ ಹೊಸ ಬೋರ್ಡನ್ನೇ ಒಡೆಯಬೇಕು. ಒಟ್ಟು ಎಂಟು. ಅದೇ ಕೋಣೆ, ಅದೇ ಚದರಡಿ, ಬೋರ್ಡು ಮಾತ್ರ ಒಂದು ಹೆಚ್ಚು.

ಎಂಟನೆಯ ಬೋರ್ಡಿನ ಖರ್ಚು ದೊಡ್ಡದಲ್ಲ. ಆದರೆ ಏಳೇ ಬೋರ್ಡು ತಂದು ದಿಕ್ಕನ್ನು ಯೋಚಿಸದೆ ಶುರುಮಾಡಿದ ಕೆಲಸಗಾರ ಕೊನೆಗೆ ಉಳಿದ ಚೂರುಗಳನ್ನೇ ಜೋಡಿಸಿ ಮುಗಿಸುತ್ತಾನೆ. ಅಂಗೈ ಅಗಲದ ಪಟ್ಟಿಗಳು, ಸೆಕ್ಷನ್ ಇಲ್ಲದ ಕಡೆ ಬಂದ ತುದಿಗಳು, ಅವನ್ನು ಮುಚ್ಚಲು ದಪ್ಪಗೆ ಬಳಿದ ಜಾಯಿಂಟಿಂಗ್ ಕಾಂಪೌಂಡ್. ಬಿರುಕು ಶುರುವಾಗುವುದು ಇಂಥ ಕಡೆಯಲ್ಲೇ. ಅಲ್ಲದೆ ಕೋಣೆಯ ಗೋಡೆಗಳು ಯಾವತ್ತೂ ಕರಾರುವಾಕ್ಕಾಗಿ ಚೌಕವಾಗಿರುವುದಿಲ್ಲ, ಬೋರ್ಡಿನ ಮೂಲೆ ಸಾಗಣೆಯಲ್ಲಿ ಮುಕ್ಕಾಗಿರುತ್ತದೆ. ಆದ್ದರಿಂದ ಏಳು ಸಾಕಾಗುವ ದಿಕ್ಕಿನಲ್ಲಿ ಹಾಸಿ, ಎಂಟು ತರಿಸಿ ಎನ್ನುವುದು ನನ್ನ ಸಲಹೆ.

ಚೌಕಟ್ಟಿಗೆ ಬರೋಣ. ಏಳು ಸೆಕ್ಷನ್ ಸಾಲು, ಒಂದೊಂದೂ 14 ಅಡಿ. ಅಂಗಡಿಯದು 12 ಅಡಿ, ಹಾಗಾಗಿ ಪ್ರತಿ ಸಾಲಿಗೂ ಎರಡಡಿ ಜೋಡಿಸಬೇಕು. ಒಂದರೊಳಗೊಂದು ಆರಿಂಚಾದರೂ ಹೊಕ್ಕು ಸ್ಕ್ರೂ ಬೀಳಬೇಕಾದ್ದರಿಂದ ತುಂಡು ಎರಡೂವರೆ ಅಡಿಯದು. ಒಂದು ಉದ್ದದಲ್ಲಿ ನಾಲ್ಕು ತುಂಡು ಸಿಗುತ್ತವೆ, ಏಳು ತುಂಡಿಗೆ ಎರಡು ಉದ್ದ. ಅಲ್ಲಿಗೆ ಸೀಲಿಂಗ್ ಸೆಕ್ಷನ್ ಒಂಬತ್ತು. ಜೋಡಣೆಗಳೆಲ್ಲ ಒಂದೇ ಗೋಡೆಯ ಪಕ್ಕ ಸಾಲಾಗಿ ಬರದಂತೆ ಒಂದು ಸಾಲಿನದು ಈ ತುದಿಗೆ, ಮುಂದಿನದು ಆ ತುದಿಗೆ ಇರಬೇಕು.

ಇಂಟರ್ಮೀಡಿಯಟ್ ಚಾನೆಲ್ ಸೆಕ್ಷನ್ನಿಗೆ ಅಡ್ಡವಾಗಿ, ಅಂದರೆ 12 ಅಡಿಯ ಕಡೆಗೆ ಓಡುತ್ತದೆ. ಗೋಡೆಯಿಂದ ಒಂದಡಿ ಬಿಟ್ಟು ಮೊದಲನೆಯದು, ಆಮೇಲೆ ನಾಲ್ಕಡಿಗೊಂದರಂತೆ ಇಟ್ಟರೆ 1, 5, 9, 13ನೇ ಅಡಿಗಳಲ್ಲಿ ನಾಲ್ಕು ಸಾಲು. ಒಂದು ಸಾಲಿಗೆ ಒಂದು ಉದ್ದ, ಜೋಡಣೆಯೇ ಬೇಡ. ಪ್ರತಿ ಚಾನೆಲ್ಲಿಗೆ ಗೋಡೆಯಿಂದ ಎರಡಡಿಗೆ, ಆರಡಿಗೆ, ಹತ್ತಡಿಗೆ ಒಂದೊಂದು ಹ್ಯಾಂಗರ್. ನಾಲ್ಕು ಮೂರಲ ಹನ್ನೆರಡು. ಹನ್ನೆರಡು ತೂತು, ಹನ್ನೆರಡು ಫಾಸ್ಟನರ್, ಹನ್ನೆರಡು ಕ್ಲೀಟ್. ಚಾನೆಲ್ಲೂ ಸೆಕ್ಷನ್ನೂ ಅಡ್ಡ ಹಾಯುವ ಕಡೆಯಲ್ಲೆಲ್ಲ ತಂತಿಯ ಕನೆಕ್ಟಿಂಗ್ ಕ್ಲಿಪ್ ಒಂದು, ನಾಲ್ಕು ಏಳಲ ಇಪ್ಪತ್ತೆಂಟು. ಗೋಡೆ ಸುತ್ತಳತೆ 52 ಅಡಿ, ಪೆರಿಮೀಟರ್ ಚಾನೆಲ್ ಐದು ಉದ್ದ.

ಇವಿಷ್ಟರಲ್ಲಿ ಮನೆಯವರು ನೆನಪಿಡಬೇಕಾದದ್ದು ಎರಡೇ ಸಂಖ್ಯೆ: ಹ್ಯಾಂಗರ್ ಹನ್ನೆರಡು, ಸೆಕ್ಷನ್ ಸಾಲು ಏಳು. ಉಳಿತಾಯದ ಆಸೆ ಕೈಹಾಕುವುದು ಈ ಎರಡಕ್ಕೇ. ಕೆಲಸ ನಡೆಯುವ ಕಡೆ ನಾನು ಕೇಳಿರುವ ಮಾತು ಹೆಚ್ಚುಕಡಿಮೆ ಒಂದೇ ತೆರ. “ಮೇಸ್ತ್ರಿ, ಇಲ್ಲಿ ಎರಡಡಿ ಗ್ಯಾಪ್ ಇದೆಯಲ್ಲಾ?” “ಎಲ್ಲಾ ಕಡೆ ಹಂಗೇ ಹಾಕೋದು ಸಾರ್, ಏನೂ ಆಗಲ್ಲ ಬಿಡಿ.” ಆ ದಿನಕ್ಕೆ ನಿಜಕ್ಕೂ ಏನೂ ಆಗುವುದಿಲ್ಲ. ಬಣ್ಣ ಹೊಡೆದು ದುಡ್ಡು ತೆಗೆದುಕೊಂಡು ಹೋಗುವವರೆಗೂ ಆಗುವುದಿಲ್ಲ.

ಎರಡಡಿಗೊಂದರಂತೆ ಇಟ್ಟರೆ ಏಳು ಸಾಲಿನ ಜಾಗದಲ್ಲಿ ಐದು ಸಾಲು ಸಾಕಾಗುತ್ತದೆ. ಕಬ್ಬಿಣ ಉಳಿಯಿತು ನಿಜ. ಆದರೆ ಸಮವಾಗಿ ಹರಡಿದ ತೂಕದ ಕೆಳಗೆ ಒಂದು ಹಲಗೆ ಎಷ್ಟು ಬಾಗುತ್ತದೆ ಎಂಬುದು ಆಧಾರಗಳ ನಡುವಿನ ಅಂತರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಒಂದೂವರೆ ಅಡಿ ಎರಡಡಿ ಆದರೆ ಅಂತರ ಹೆಚ್ಚಿದ್ದು ಮೂರನೇ ಒಂದು ಭಾಗ ಮಾತ್ರ, ಬಾಗು ಮಾತ್ರ ಮೂರು ಪಟ್ಟಿಗೂ ಮೇಲೆ. ಚಾನೆಲ್ಲಿನ ಹ್ಯಾಂಗರ್ ಅಂತರ ನಾಲ್ಕಡಿಯಿಂದ ಆರಡಿಗೆ ಹೋದರೆ ಅದರ ಬಾಗು ಐದು ಪಟ್ಟು. ಇನ್ನೊಂದು ತೊಂದರೆಯೂ ಇದೆ. ಸೆಕ್ಷನ್ನುಗಳು 2, 4, 6ನೇ ಅಡಿಗೆ ಬಂದರೆ ಅರ್ಧ ಕತ್ತರಿಸಿದ ಮೂರಡಿಯ ಬೋರ್ಡಿಗೆ ಆಧಾರವೇ ಸಿಗುವುದಿಲ್ಲ. ಆಗ ಕೆಲಸಗಾರ ಸಾಲು ತಪ್ಪಿಸುವ ಗೋಜಿಗೇ ಹೋಗದೆ ಎಲ್ಲ ಬೋರ್ಡುಗಳ ತುದಿಯನ್ನೂ ಆರಡಿಯ ಒಂದೇ ಗೆರೆಗೆ ತರುತ್ತಾನೆ. ಕೋಣೆಯ ನಡುವೆ ಈ ಗೋಡೆಯಿಂದ ಆ ಗೋಡೆಗೆ ಒಂದೇ ಉದ್ದನೆಯ ಜಾಯಿಂಟ್ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಫ್ಯಾನಿನ ಪಕ್ಕದಲ್ಲೇ ಗೆರೆ ಎಳೆದಂತೆ ಕಾಣುವ ಬಿರುಕು ಇದೇ.

ತೂಕದ ಲೆಕ್ಕವನ್ನೂ ಒಮ್ಮೆ ನೋಡಬೇಕು, ಏಕೆಂದರೆ ಸೀಲಿಂಗು ಬಿದ್ದೀತೇ ಎಂಬ ಭಯ ಹಲವರಿಗಿದೆ. ಒಂದು ಬೋರ್ಡು ಸುಮಾರು 18-19 ಕೆಜಿ. ಏಳು ಬೋರ್ಡು 130 ಕೆಜಿಯ ಆಸುಪಾಸು, ಚೌಕಟ್ಟಿನ ಕಬ್ಬಿಣ ಸುಮಾರು 30 ಕೆಜಿ. ಒಟ್ಟು 160 ಕೆಜಿಯನ್ನು ಹನ್ನೆರಡು ಹ್ಯಾಂಗರಿಗೆ ಹಂಚಿದರೆ ತಲಾ 13-14 ಕೆಜಿ, ಗೋಡೆಯಂಚು ಹೊರುವ ಪಾಲು ಕಳೆದರೆ ಇನ್ನೂ ಕಡಿಮೆ. ಗಟ್ಟಿ ಕಾಂಕ್ರೀಟಿನಲ್ಲಿ ಸರಿಯಾಗಿ ಕೂತ ಫಾಸ್ಟನರಿಗೆ ಇದು ಏನೇನೂ ಅಲ್ಲ. ಹ್ಯಾಂಗರ್ ತುಂಡಾಗಿ ಸೀಲಿಂಗು ಬೀಳುವುದು ಅಪರೂಪ, ಫಾಸ್ಟನರ್ ತೂತಿನಿಂದ ಕಿತ್ತುಬರುವುದೇ ಹೆಚ್ಚು. ತೂತು ಬರೀ ಪ್ಲಾಸ್ಟರಿನಲ್ಲಿ ಮುಗಿದಿದ್ದರೆ, ಅಳತೆಗಿಂತ ಅಗಲವಾಗಿ ಕೊರೆದಿದ್ದರೆ, ಫಾಸ್ಟನರ್ ಬದಲು ಮರದ ಗೂಟ ಹೊಡೆದಿದ್ದರೆ ಹಿಡಿತ ಇರುವುದಿಲ್ಲ. ಪರೀಕ್ಷೆ ಸುಲಭ. ಚೌಕಟ್ಟು ಮುಗಿದ ಮೇಲೆ ಏಣಿ ಹತ್ತಿ ಪ್ರತಿ ಹ್ಯಾಂಗರನ್ನೂ ಕೈಯಲ್ಲಿ ಹಿಡಿದು ಕೆಳಕ್ಕೆ ಗಟ್ಟಿಯಾಗಿ ಜಗ್ಗಿ. ಒಂದು ಎಳೆಯಷ್ಟು ಜಾರಿದರೂ ಆ ತೂತನ್ನು ಬಿಟ್ಟು ಪಕ್ಕದಲ್ಲಿ ಹೊಸದು ಕೊರೆಸಿ.

ಇದು ಆರ್‌ಸಿಸಿ ಸ್ಲ್ಯಾಬಿನ ಮಾತು. ಹಳೆಯ ಬೆಂಗಳೂರಿನ ಮದ್ರಾಸ್ ಟೆರೇಸ್ ಮನೆಗಳಲ್ಲಿ ತಾರಸಿ ಎಂದರೆ ಮರದ ತೊಲೆಗಳ ಮೇಲೆ ಗಾರೆ ಹಾಕಿ ಕಟ್ಟಿದ ತೆಳು ಇಟ್ಟಿಗೆ. ಅಲ್ಲಿ ಫಾಸ್ಟನರ್ ಬಿಗಿದರೆ ಇಟ್ಟಿಗೆ ಸೀಳುತ್ತದೆ, ಗಾರೆ ಉದುರುತ್ತದೆ. ಅಂಥ ಕಡೆ ಹ್ಯಾಂಗರನ್ನು ತೊಲೆಯ ಪಕ್ಕಕ್ಕೇ ಸ್ಕ್ರೂ ಹಾಕಿ ಹಿಡಿಸಬೇಕು. ಆಗ ನಾಲ್ಕಡಿಯ ಲೆಕ್ಕ ತೊಲೆಗಳ ಅಂತರಕ್ಕೆ ಹೊಂದಿಕೊಳ್ಳಬೇಕೇ ಹೊರತು ತೊಲೆ ಲೆಕ್ಕಕ್ಕೆ ಹೊಂದಿಕೊಳ್ಳುವುದಿಲ್ಲ. ಹೆಂಚಿನ ಮಾಡಿನ ಮನೆಗಳಿಗೂ ಅಷ್ಟೇ.

ಹ್ಯಾಂಗರ್ ಎರಡು ಬಗೆ. ಒಂದು, ತೆಳು ತಗಡನ್ನು ಎಲ್ ಆಕಾರಕ್ಕೆ ಮಡಿಸಿದ ಪಟ್ಟಿ, ಒಂದು ಇಂಚು ಅಗಲದ್ದು. ಬೇಕಾದ ಉದ್ದಕ್ಕೆ ಕತ್ತರಿಸಿ ಮೇಲೆ ಕ್ಲೀಟಿಗೆ ನಟ್ಟು ಬೋಲ್ಟಿನಿಂದ, ಕೆಳಗೆ ಚಾನೆಲ್ಲಿಗೆ ಬಿಗಿಯುತ್ತಾರೆ. ಇನ್ನೊಂದು, ಜಿಐ ಸರಳು. ನಾಲ್ಕು ಮಿ.ಮೀ. ದಪ್ಪದ ಎರಡು ಸರಳುಗಳನ್ನು ಚಿಟ್ಟೆಯಾಕಾರದ ಸ್ಪ್ರಿಂಗ್ ಕ್ಲಿಪ್ಪಿನಲ್ಲಿ ಪೋಣಿಸಿ, ಕ್ಲಿಪ್ಪನ್ನು ಅದುಮಿ ಮೇಲೆ ಕೆಳಗೆ ಸರಿಸಿದರೆ ಮಟ್ಟ ಹೊಂದುತ್ತದೆ. ಕಚೇರಿಗಳಲ್ಲಿ ಕಾಣುವ ಎರಡಡಿ ಚೌಕದ ಟೈಲ್ ಸೀಲಿಂಗುಗಳಿಗೆ ಇದೇ ರೂಢಿ. ಇಳಿಕೆ ಹೆಚ್ಚಿದ್ದು ಡಕ್ಟು, ಪೈಪುಗಳ ನಡುವೆ ದಾರಿ ಮಾಡಿಕೊಂಡು ಇಳಿಯಬೇಕಾದಲ್ಲಿ ಸರಳು ಅನುಕೂಲ. ಭಾರ ಹೆಚ್ಚಿರುವಲ್ಲಿ ಉದ್ದಕ್ಕೂ ಮರೆ ಇರುವ ದಪ್ಪ ಸರಳನ್ನು ನಟ್ಟು ಹಾಕಿ ಬಳಸುವುದೂ ಉಂಟು. ಮನೆಯ ಕೋಣೆಯಲ್ಲಿ ಎಂಟಿಂಚು ಇಳಿಕೆಗೆ ನನ್ನ ಒಲವು ಎಲ್ ಪಟ್ಟಿಯ ಕಡೆಗೆ. ತೆಳು ಸರಳು ಕೆಳಗೆ ಎಳೆಯುವ ಭಾರವನ್ನು ಹೊರುತ್ತದೆ, ಆದರೆ ಕೆಳಗಿನಿಂದ ತಳ್ಳಿದರೆ ಬಾಗುತ್ತದೆ. ಪಟ್ಟಿ ಎರಡೂ ಕಡೆಗೆ ಗಟ್ಟಿ. ಬೋರ್ಡಿಗೆ ಸ್ಕ್ರೂ ಹೊಡೆಯುವಾಗ ಡ್ರಿಲ್ಲಿನಿಂದ ಮೇಲಕ್ಕೆ ಬೀಳುವ ಒತ್ತಡಕ್ಕೆ ಚೌಕಟ್ಟು ಅಲ್ಲಾಡುವುದಿಲ್ಲ, ಸ್ಕ್ರೂ ನೇರವಾಗಿ ಕೂರುತ್ತದೆ. ಹನ್ನೆರಡಡಿಯ ಒಂದು ಪಟ್ಟಿಯಲ್ಲಿ ಒಂದಡಿಯ ಹನ್ನೆರಡು ತುಂಡು ಬರುವುದರಿಂದ ನಮ್ಮ ಕೋಣೆಗೆ ಒಂದೇ ಪಟ್ಟಿ ಸಾಕು. ಎಂಟಿಂಚು ಇಳಿಕೆಗೆ ಅಷ್ಟುದ್ದವೂ ಬೇಕಾಗುವುದಿಲ್ಲ.

ಇಳಿಕೆ ಎಂಟೇ ಇಂಚು ಏಕೆ ಎಂದು ಕೇಳಬಹುದು. ಬೋರ್ಡು ಅರ್ಧ ಇಂಚು, ಸೆಕ್ಷನ್ ಒಂದು ಇಂಚು, ಚಾನೆಲ್ ಎರಡಕ್ಕೆ ಸ್ವಲ್ಪ ಕಡಿಮೆ, ಚೌಕಟ್ಟೇ ಮೂರೂವರೆ ಇಂಚಿನಷ್ಟು ನುಂಗುತ್ತದೆ. ಅದರ ಮೇಲೆ ಕ್ಲೀಟಿಗೆ, ದೀಪದ ಹಿಂಬದಿಗೆ, ವೈರಿಗೆ ಜಾಗ ಬೇಕು. ಇನ್ನೂ ಕೆಳಗೆ ತರೋಣವೆಂದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 2.75 ಮೀಟರ್, ಅಂದರೆ ಸುಮಾರು ಒಂಬತ್ತಡಿ ಎತ್ತರ ಇರಬೇಕೆನ್ನುತ್ತದೆ. ಹವಾನಿಯಂತ್ರಿತ ಕೋಣೆಗೆ 2.4 ಮೀಟರ್ ಸಾಕು. ಹತ್ತಡಿ ಸ್ಲ್ಯಾಬಿನಿಂದ ಎಂಟಿಂಚು ಇಳಿದರೆ ಒಂಬತ್ತಡಿ ನಾಲ್ಕಿಂಚು ಉಳಿಯುತ್ತದೆ. ಸ್ಲ್ಯಾಬೇ ಒಂಬತ್ತೂವರೆ ಅಡಿಗಿದ್ದರೆ ಸಪಾಟು ಸೀಲಿಂಗಿನ ಯೋಚನೆಯನ್ನೇ ಮತ್ತೊಮ್ಮೆ ಮಾಡುವುದು ಒಳ್ಳೆಯದು.

ಸಂಖ್ಯೆ ಸರಿಯಿದ್ದೂ ಸೀಲಿಂಗು ಕೆಡುವುದಕ್ಕೆ ಇನ್ನೊಂದು ದಾರಿ ತಗಡಿನ ದಪ್ಪ. ಸೀಲಿಂಗ್ ಸೆಕ್ಷನ್ ಅರ್ಧ ಮಿ.ಮೀ. ದಪ್ಪ ಇರಬೇಕೆಂದು ಇಲಾಖೆಯ ವಿವರಣೆ ಹೇಳುತ್ತದೆ. ಪೇಟೆಯಲ್ಲಿ ಅದಕ್ಕಿಂತ ತೆಳುವಾದದ್ದೂ ಸಿಗುತ್ತದೆ, ಆಕಾರ ಅದೇ, ಹೊಳಪೂ ಅದೇ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು, ತಕ್ಕಡಿಗೆ ಗೊತ್ತಾಗುತ್ತದೆ. ಸೆಕ್ಷನ್ನಿನ ಮಡಿಕೆಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 125 ಮಿ.ಮೀ. ಅಗಲದ ಪಟ್ಟಿ. ಅರ್ಧ ಮಿ.ಮೀ. ದಪ್ಪದಲ್ಲಿ ಹನ್ನೆರಡಡಿಗೆ ಲೆಕ್ಕ ಹಾಕಿದರೆ 1.8 ಕೆಜಿ ಬರುತ್ತದೆ. ತಂದಿಟ್ಟ ಕಟ್ಟಿನಿಂದ ಒಂದನ್ನು ಎಳೆದು ತೂಗಿಸಿ ನೋಡಿ. ಒಂದೂಕಾಲು ಕೆಜಿ ಬಂದರೆ ದಪ್ಪ 0.35 ಮಿ.ಮೀ. ಮಾತ್ರ. ಅಂಥ ತಗಡಿಗೆ ಸ್ಕ್ರೂ ಹಿಡಿಯುವುದಿಲ್ಲ, ಎರಡು ಸುತ್ತು ಹೆಚ್ಚು ತಿರುಗಿದರೆ ತೂತು ಸಡಿಲವಾಗಿ ಸ್ಕ್ರೂ ಗಿರಗಿರನೆ ತಿರುಗುತ್ತದೆ. ಬೋರ್ಡಿನ ಗುಣಮಟ್ಟಕ್ಕಾದರೆ ಐಎಸ್ 2095 ಎಂಬ ಭಾರತೀಯ ಮಾನಕ ಇದೆ, ಆ ಗುರುತನ್ನು ಬೋರ್ಡಿನ ಹಿಂಬದಿಯಲ್ಲಿ ನೋಡಬಹುದು.

ಸ್ಕ್ರೂ ವಿಷಯ ಸಣ್ಣದಾದರೂ ಹೇಳಬೇಕು. 25 ಮಿ.ಮೀ. ಉದ್ದದ ಡ್ರೈವಾಲ್ ಸ್ಕ್ರೂ, 230 ಮಿ.ಮೀ. ಅಂದರೆ ಒಂಬತ್ತಿಂಚಿಗೊಂದು. ಒಂದು ಬೋರ್ಡಿಗೆ ಮೂವತ್ತರಿಂದ ಮೂವತ್ತೈದು ಬೇಕು. ಸ್ಕ್ರೂವಿನ ತಲೆ ಕಾಗದದ ಮಟ್ಟಕ್ಕಿಂತ ಒಂದಿಷ್ಟೇ ಒಳಗೆ ಹೋಗಿ ನಿಲ್ಲಬೇಕು, ಕಾಗದ ಹರಿಯಬಾರದು. ಜಿಪ್ಸಮ್ ಬೋರ್ಡಿನ ಗಟ್ಟಿತನ ಇರುವುದು ಒಳಗಿನ ಬಿಳಿ ಪುಡಿಗಿಂತ ಹೆಚ್ಚಾಗಿ ಎರಡೂ ಬದಿಯ ಕಾಗದದಲ್ಲಿ. ಕಾಗದ ಹರಿದ ಕಡೆ ಸ್ಕ್ರೂ ಇದ್ದೂ ಇಲ್ಲದಂತೆ. ಬೋರ್ಡಿನ ಕೆಳಗೆ ನಿಂತು ಸ್ಕ್ರೂ ತಲೆಗಳ ಸುತ್ತ ಬಿಳಿ ಪುಡಿ ಉದುರುತ್ತಿರುವುದು ಕಂಡರೆ ಕೆಲಸಗಾರನ ಡ್ರಿಲ್ಲು ಜೋರಾಗಿದೆ ಎಂದರ್ಥ.

ಬೋರ್ಡಿನ ಉದ್ದನೆಯ ಅಂಚು ತಯಾರಾಗುವಾಗಲೇ ಸ್ವಲ್ಪ ತೆಳುವಾಗಿರುತ್ತದೆ. ಎರಡು ಬೋರ್ಡಿನ ಆ ಅಂಚುಗಳು ಸೇರಿದಾಗ ಆಳವಿಲ್ಲದ ಒಂದು ತಗ್ಗಾಗಿ, ಕಾಂಪೌಂಡ್ ಮತ್ತು ಕಾಗದದ ಟೇಪು ಅದರೊಳಗೆ ಅಡಗುತ್ತವೆ. ಕತ್ತರಿಸಿದ ಅಂಚಿಗೆ ಈ ತಗ್ಗು ಇಲ್ಲ, ಟೇಪು ಉಬ್ಬಾಗಿಯೇ ನಿಲ್ಲುತ್ತದೆ, ಅದನ್ನು ಮರೆಮಾಡಲು ಕಾಂಪೌಂಡನ್ನು ಅಗಲಕ್ಕೆ ಎಳೆಯಬೇಕಾಗುತ್ತದೆ. ನಮ್ಮ ಕೋಣೆಯಲ್ಲಿ ಸೀಳಿದ ಎರಡಡಿ ಪಟ್ಟಿಗೆ ಒಂದು ಬದಿ ತಯಾರಿಕೆಯ ಅಂಚು, ಇನ್ನೊಂದು ಬದಿ ಸೀಳಿದ ಅಂಚು ಇರುತ್ತದಲ್ಲ, ಅದರಲ್ಲಿ ತಯಾರಿಕೆಯ ಅಂಚು ಪಕ್ಕದ ಬೋರ್ಡಿನ ಕಡೆಗೂ ಸೀಳಿದ ಅಂಚು ಗೋಡೆಯ ಕಡೆಗೂ ಬರಬೇಕು. ತಿರುಗಾಮುರುಗಾ ಹೊಡೆದಿದ್ದರೆ ಹನ್ನೆರಡಡಿ ಉದ್ದದ ಉಬ್ಬು ನಿಮ್ಮ ಪಾಲಿಗೆ. ಟೇಪು ಹಾಕಿದ ಮೇಲೆ ಮೊದಲ ಕೋಟು ಒಣಗುವ ಮುನ್ನ ಎರಡನೆಯದು ಬೇಡ. ಸಂಜೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಸೀಲಿಂಗಿನ ಗುಂಟ ಓರೆಯಾಗಿ ಬೆಳಕು ಬಿಟ್ಟರೆ ಉಬ್ಬು, ತಗ್ಗು, ಜೋತುಬಿದ್ದ ಜಾಗ ಎಲ್ಲವೂ ನೆರಳಾಗಿ ಎದ್ದು ಕಾಣುತ್ತವೆ. ಈ ಪರೀಕ್ಷೆ ಪ್ರೈಮರ್ ಹೊಡೆಯುವ ಮೊದಲೇ ಆಗಬೇಕು.

ಫ್ಯಾನು ಈ ಹನ್ನೆರಡು ಹ್ಯಾಂಗರುಗಳ ಲೆಕ್ಕದಲ್ಲಿ ಸೇರಿಲ್ಲ, ಸೇರಲೂಬಾರದು. ಅದು ಸ್ಲ್ಯಾಬಿನ ಕೊಂಡಿಯಿಂದಲೇ ಇಳಿಯಬೇಕು, ಸೀಲಿಂಗಿನಲ್ಲಿ ಅದರ ಕೊಳವೆಗೆ ದಾರಿ ಮಾತ್ರ. ಕೊಳವೆ ಬೋರ್ಡಿಗೆ ತಾಗಿದರೆ ಫ್ಯಾನಿನ ನಡುಕ ಇಡೀ ಸೀಲಿಂಗಿಗೆ ಹರಡಿ ಜಾಯಿಂಟುಗಳನ್ನು ಬಿಡಿಸುತ್ತದೆ, ಆದ್ದರಿಂದ ಸುತ್ತ ಬಿಡುವಿರಲಿ. ಭಾರದ ತೂಗುದೀಪಕ್ಕೂ ಇದೇ ಮಾತು. ಕೂರಿಸುವ ಸಣ್ಣ ಎಲ್‌ಇಡಿ ದೀಪಗಳನ್ನು ಬೋರ್ಡೇ ಹೊರುತ್ತದೆ, ಆದರೆ ಅವುಗಳ ಜಾಗವನ್ನು ಚೌಕಟ್ಟು ಕಟ್ಟುವ ಮೊದಲೇ ಸ್ಲ್ಯಾಬಿನಲ್ಲಿ ಗುರುತು ಮಾಡಿಸಬೇಕು. ಹಾಗೆ ಮಾಡದಿದ್ದರೆ ದೀಪದ ತೂತು ಕೊರೆಯುವ ಎಲೆಕ್ಟ್ರಿಷಿಯನ್ನಿಗೆ ಸೆಕ್ಷನ್ ಅಡ್ಡ ಸಿಗುತ್ತದೆ, ಅವನು ಅದನ್ನು ಕತ್ತರಿಸಿ ಹಾಗೇ ಬಿಟ್ಟು ಹೋಗುತ್ತಾನೆ. ನೀವು ಎಣಿಸಿ ಖಾತ್ರಿ ಮಾಡಿಕೊಂಡ ಏಳು ಸಾಲು ಆರೂವರೆ ಆಗುವುದು ಹೀಗೆ.

ಇಷ್ಟೆಲ್ಲ ಸರಿಯಿದ್ದರೂ ಮೇಲಿನ ಸ್ಲ್ಯಾಬು ಸೋರುತ್ತಿದ್ದರೆ ಪ್ರಯೋಜನವಿಲ್ಲ. ಜಿಪ್ಸಮ್ ನೀರು ಹೀರಿ ಮೆತ್ತಗಾಗುತ್ತದೆ, ಸ್ಕ್ರೂ ಸುತ್ತ ಕಳಚಿಕೊಳ್ಳುತ್ತದೆ. ಸೀಲಿಂಗು ಸೋರಿಕೆಯನ್ನು ಕೆಲವು ತಿಂಗಳು ಮುಚ್ಚಿಡುತ್ತದೆ, ಆಮೇಲೆ ಹಳದಿ ಕಲೆಯಾಗಿ ತೋರಿಸುತ್ತದೆ. ಮಲೆನಾಡು, ಕರಾವಳಿಯವರು ಒಂದು ಮಳೆಗಾಲ ಕಳೆದು, ಸ್ಲ್ಯಾಬು ಒಣಗಿರುವುದನ್ನು ನೋಡಿಯೇ ಕೆಲಸ ಹಿಡಿಸಬೇಕು. ಬಚ್ಚಲುಮನೆಗೆ ತೇವ ತಡೆಯುವ ಹಸಿರು ಕಾಗದದ ಬೋರ್ಡು ಸಿಗುತ್ತದೆ. ಅದು ಹಬೆಯನ್ನು ತಾಳಿಕೊಳ್ಳುತ್ತದೆ, ಸೋರಿಕೆಯನ್ನಲ್ಲ.

ಮೇಸ್ತ್ರಿಯ ಜತೆ ದರ ಮಾತಾಡುವಾಗಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಹ್ಯಾಂಗರ್ ಅಂತರ ನಾಲ್ಕಡಿ, ಚಾನೆಲ್ ನಾಲ್ಕಡಿ, ಸೆಕ್ಷನ್ ಒಂದೂವರೆ ಅಡಿ, ತಗಡು ಅರ್ಧ ಮಿ.ಮೀ., ನಾನು ನೋಡುವವರೆಗೆ ಬೋರ್ಡು ಹೊಡೆಯುವಂತಿಲ್ಲ. ಚೌಕಟ್ಟು ಮುಗಿದ ದಿನ ಕೋಣೆಗೆ ಹೋಗಿ ಹ್ಯಾಂಗರ್ ಎಣಿಸಿ, ಸೆಕ್ಷನ್ ಸಾಲು ಎಣಿಸಿ, ಎರಡು ಸೆಕ್ಷನ್ನುಗಳ ನಡುವೆ ಟೇಪು ಹಿಡಿದು ನಾಲ್ಕೂ ಗೋಡೆಯ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ವೈರು ಎಲ್ಲಿ ಹೋಗಿದೆ, ಸೆಕ್ಷನ್ ಎಲ್ಲಿದೆ ಎಂಬುದು ನಾಳೆ ಪರದೆಯ ಕಂಬಿಗೋ ಹೊಸ ದೀಪಕ್ಕೋ ತೂತು ಕೊರೆಯುವವನಿಗೆ ಬೇಕಾಗುತ್ತದೆ, ಮತ್ತು ಆ ಫೋಟೋ ಬಿಟ್ಟರೆ ಅದನ್ನು ಹೇಳುವ ದಾಖಲೆ ನಿಮ್ಮ ಮನೆಯಲ್ಲಿ ಬೇರೆ ಇರುವುದಿಲ್ಲ.